ಮೇ 31ಕ್ಕೆ ಸರ್ವೆ ಕೆಲ್ಸದಿಂದ ನಿವೃತ್ತಿ ಆಗ್ತಿದ್ದೀನಿ

ಎಲ್ರಿಗೂ ನಮಸ್ಕಾರ. ಇದೇ 2025 ಮೇ 31, ಶನಿವಾರ ಸಾಯಂಕಾಲಕ್ಕೆ ನನ್ನ ಸರ್ವಿಸ್ ಮುಗೀತದೆ. 1991ರಲ್ಲಿ ಭೂಮಾಪನ ಇಲಾಖೆಗೆ ಸರ್ವೆಯರ್ ಆಗಿ ಸೇರಿದ್ದು, ಈಗ ಸೂಪರ್‌ವೈಸರ್ ಆಗಿ ಹೊರಗ್ ಬರ್ತಿದ್ದೀನಿ. ಕೆಲವ್ರಿಗೆ ಫೋನ್ ಮಾಡಿ ಹೇಳಿದೀನಿ, ಎಲ್ರಿಗೂ ಮಾಡಕ್ಕಾಗಿಲ್ಲ, ಅದಕ್ಕೇ ಇದನ್ನ ಬರೀತಿರೋದು, ಯಾರೂ ಬೇಜಾರ್ ಮಾಡ್ಕೋಬೇಡಿ.

ಮೇ 31ನೇ ತಾರೀಕೇ ಯಾಕೆ ಅಂತ ನಮ್ಮ ಕಾಲದವ್ರಿಗೆ ಹೇಳೋದೇ ಬೇಡ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದಿದ್ದು ಜೂನ್ 1, ತಿಂಗಳ ಮೊದಲ ದಿನ ಹುಟ್ಟಿದವ್ರು ಹಿಂದಿನ ತಿಂಗಳ ಕೊನೇ ದಿನಕ್ಕೇ ರಿಟೈರ್. ಅಮ್ಮ ಹೇಳೋ ಪ್ರಕಾರ ನಾನು ಹುಟ್ಟಿದ್ದು ಸುಗ್ಗಿ ಟೈಮಲ್ಲಿ, ಆದ್ರೆ ಸರ್ವಿಸ್ ರಿಜಿಸ್ಟರ್‌ಗೆ ಅಮ್ಮನ ಮಾತು ಲೆಕ್ಕಕ್ಕಿಲ್ಲ.

ನಾನು ಸೇರಿದಾಗ ಕೈಗೆ ಕೊಟ್ಟಿದ್ದು ಚೈನು, ಕ್ರಾಸ್ ಸ್ಟಾಫು, ಮತ್ತೆ ಹೊಲದ ಹಳೇ ಅಳತೆ ಬರೆದಿಟ್ಟಿರೋ ಟಿಪ್ಪಣಿಯ ನಕಲು. ಹೊಸ ಹುಡುಗ್ರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ: 33 ಅಡಿ ಚೈನು, ಅದ್ರಲ್ಲಿ 16 ಆಣೆ, ಅಂದ್ರೆ ಆಣೆಗೆ ಎರಡಡಿಗಿಂತ ಒಂಚೂರು ಜಾಸ್ತಿ. ಉದ್ದ ಒಂದ್ ಚೈನು ಅಗಲ ಒಂದ್ ಚೈನು ಅಂದ್ರೆ ಒಂದು ಗುಂಟೆ, 1089 ಚದರಡಿ, ಅಂಥ 40 ಸೇರಿದ್ರೆ ಎಕರೆ. ಈ ಲೆಕ್ಕ ಎಷ್ಟು ಚೆಂದ ಕೂತಿದೆ ಅಂದ್ರೆ ಬಿಸಿಲಲ್ಲಿ ನಿಂತು ಬಾಯಲ್ಲೇ ಮಾಡ್ಬೋದು, ಪೇಪರ್ ಬೇಡ. ಆಮೇಲೆ ಭೂಮಿ ಅನ್ನೋ ಸಾಫ್ಟ್‌ವೇರ್ ಬಂತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಆಯ್ತು, ಸರ್ವೆ ಅರ್ಜಿಗೆ ಮೋಜಿಣಿ ಬಂತು, ಜಮೀನು ಭಾಗ ಮಾಡಿ ಮಾರೋಕೆ 11ಇ ನಕ್ಷೆ ಬಂತು, ಟೋಟಲ್ ಸ್ಟೇಷನ್ ಬಂತು, ಈಗ ರೋವರ್ ಹಿಡ್ಕೊಂಡು ಹೋದ್ರೆ ಸ್ಯಾಟಲೈಟೇ ಪಾಯಿಂಟ್ ಕೊಡ್ತದೆ. ಒಳ್ಳೇದೇ ಆಯ್ತು. ಚೈನು ಎಳ್ಯೋ ಕಷ್ಟ ಪಟ್ಟವ್ರು ಯಾರೂ ಹಳೇ ಕಾಲ ವಾಪಸ್ ಬರ್ಲಿ ಅನ್ನಲ್ಲ, ಅದ್ರಲ್ಲೂ ಮಲೆನಾಡು ಕಡೆ ಮುಳ್ಳು ಪೊದೆ, ಜಿಗಣೆ, ಮಳೆ, ಚೈನು ನೆಟ್ಟಗೆ ಹಿಡಿಯೋಕೇ ಜಾಗ ಇರ್ತಿರ್ಲಿಲ್ಲ.

ಆದ್ರೆ ಒಂದ್ ಮಾತು ಇಲ್ಲಿ ಹೇಳ್ಲೇಬೇಕು. ಮೆಷಿನ್ ಹೇಳೋದು ಇವತ್ತು ಬೇಲಿ ಎಲ್ಲಿದೆ ಅಂತ. ಬೇಲಿ ಎಲ್ಲಿರ್ಬೇಕಿತ್ತು ಅಂತ ಹೇಳೋದು ಟಿಪ್ಪಣಿ. ನೂರು ವರ್ಷಕ್ಕೂ ಹಿಂದೆ ಯಾರೋ ಪುಣ್ಯಾತ್ಮ ಹೊಲದ ಮಧ್ಯ ಬೇಸ್‌ಲೈನ್ ಹಾಕಿ, ಎಡಕ್ಕೆ ಬಲಕ್ಕೆ ಆಫ್‌ಸೆಟ್ ತಗೊಂಡು, ಚೈನು ಆಣೆ ಲೆಕ್ಕದಲ್ಲಿ ಒಂದ್ ಹಾಳೆ ಮೇಲೆ ಬರೆದಿಟ್ಟಿದಾನೆ. ಅದನ್ನ ಹಿಡ್ಕೊಂಡು ಅಳೀತಾ ಹೋದ್ರೆ, ಎಲ್ಲಿ ಕಲ್ಲಿರ್ಬೇಕು ಅಂತ ಅವನು ಬರ್ದಿದಾನೋ ಅಲ್ಲೇ ಮಣ್ಣೊಳಗೆ ಹೂತುಹೋಗಿರೋ ಬಾಂದು ಕಲ್ಲು ಸಿಕ್ಕಿದ್ದು ನನ್ನ ಕಣ್ಣಾರೆ ಎಷ್ಟೋ ಸಲ ನೋಡಿದೀನಿ. ಆಗ ಅಕ್ಕಪಕ್ಕದ ಹೊಲದವ್ರ ಮುಖ ನೋಡ್ಬೇಕು ನೀವು, ಅಲ್ಲೀವರ್ಗೂ ಕೂಗಾಡ್ತಿದ್ದವ್ರು ಗಪ್‌ಚುಪ್. ಮಷಿನ್ ಪಾಯಿಂಟ್ ತೋರಿಸಿದ್ರೆ ಜಗಳ ಆಡ್ತಾರೆ ಕಣ್ರೀ, ಕಲ್ಲು ಸಿಕ್ರೆ ಆಡಲ್ಲ.

ಈಗಿನ ಎಷ್ಟೋ ಸರ್ವೆಯರ್‌ಗಳು ರೋವರ್ ಚೆನ್ನಾಗಿ ಓಡಿಸ್ತಾರೆ, ನಮ್ಗಿಂತ ಫಾಸ್ಟು, ಆದ್ರೆ ಹಳೇ ಟಿಪ್ಪಣಿ ಕೊಟ್ರೆ ಯಾವ ಕಡೆ ಮೇಲೆ ಯಾವ ಕಡೆ ಕೆಳಗೆ ಅಂತ ತಿರುಗಿಸ್ತಾ ನಿಂತ್ಕೋತಾರೆ. ಅವ್ರ ತಪ್ಪಲ್ಲ, ಹೇಳ್ಕೊಟ್ಟೋರಿಲ್ಲ. ನನಗೆ ಹೇಳ್ಕೊಟ್ಟಿದ್ದು ಟ್ರೈನಿಂಗ್ ಸೆಂಟರ್ ಅಲ್ಲ, ಮೊದಲ ಪೋಸ್ಟಿಂಗ್‌ನಲ್ಲಿದ್ದ ಬಾಂದು ಜವಾನರು. ಓದು ಬರಹ ಅಷ್ಟಕ್ಕಷ್ಟೇ, ಆದ್ರೆ ನಕ್ಷೆ ನೋಡ್ತಿದ್ದಂಗೆ "ಸಾಮಿ, ಹಳ್ಳ ಇಲ್ಲಿ ಹೊರಳ್ಬೇಕು, ಈಗ ಹೊರಳಿಲ್ಲ, ಯಾರೋ ಮುಚ್ಚವ್ರೆ" ಅನ್ನೋರು. ನೋಡಿದ್ರೆ ನಿಜ, ಬಿ ಖರಾಬು, ಅಂದ್ರೆ ಸಾರ್ವಜನಿಕರಿಗೆ ಸೇರಿದ ಹಳ್ಳಾನ ಸಮ ಮಾಡಿ ಒಳಕ್ಕೆ ಸೇರಿಸ್ಕೊಂಡಿರೋರು. ಸಾಹೇಬ್ರ ಸಹಿ ಇರೋ ರಿಪೋರ್ಟಲ್ಲಿ ಇಂಥವ್ರ ಹೆಸರು ಎಲ್ಲೂ ಬರಲ್ಲ.

ಗಡಿ ಗುರುತಿಸೋ ಹದ್ದುಬಸ್ತಿಗೆ ಹೋದಲ್ಲೆಲ್ಲ ಬೈಸ್ಕೊಂಡಿದೀನಿ, ಅದು ಈ ಕೆಲಸದ ಜೊತೆ ಬರೋದು. ಗೆದ್ದೋರಿಗೆ ಸರ್ವೆಯರ್ ದೇವ್ರು, ಸೋತೋರಿಗೆ ದುಡ್ ತಿಂದೋನು. ಇತ್ತೀಚೆಗೆ ದಿಶಾಂಕ್ ಆ್ಯಪ್ ಬಂದ್ಮೇಲೆ ಇನ್ನೊಂದು ಶುರುವಾಗಿದೆ, ಮೊಬೈಲ್ ಹಿಡ್ಕೊಂಡು ಬದುವಿನ ಮೇಲೆ ನಿಂತು "ನೋಡಿ ಸಾರ್ ಗೆರೆ ಅವನ ಬಾಳೆ ತೋಟದೊಳಗೆ ಹೋಗಿದೆ" ಅಂತಾರೆ. ಅಣ್ಣಾ, ಅದು ನೀನು ಯಾವ ಸರ್ವೆ ನಂಬರಲ್ಲಿ ನಿಂತಿದೀಯ ಅಂತ ತಿಳ್ಕೊಳ್ಳೋಕೆ ಮಾಡಿರೋದು, ಬೇಲಿ ಕೀಳೋಕಲ್ಲ, ಅಂತ ಹೇಳಿ ಹೇಳಿ ಗಂಟಲು ಬಿದ್ದೋಗಿದೆ.

ಪೆನ್ಷನ್ ಪೇಪರ್ ಹೋಗಿದೆ. 2006 ಏಪ್ರಿಲ್‌ಗಿಂತ ಮುಂಚೆ ಸೇರಿದ್ದಕ್ಕೆ ನಮಗೆ ಹಳೇ ಪೆನ್ಷನ್, ಆಮೇಲೆ ಬಂದು ಎನ್‌ಪಿಎಸ್‌ನಲ್ಲಿರೋ ಹುಡುಗ್ರ ಎದುರಿಗೆ ಈ ವಿಷ್ಯ ಮಾತಾಡೋಕೆ ಮುಜುಗರ ಆಗ್ತದೆ, ಅವ್ರೂ ಅದೇ ಬಿಸಿಲಲ್ಲೇ ನಿಂತಿರೋದು. ನೋ ಡ್ಯೂ ಸರ್ಟಿಫಿಕೇಟ್‌ಗೆ ಮಾತ್ರ ಸರಿಯಾಗಿ ಓಡಾಡಿಸಿದ್ರು, ಜನ ನಮ್ಮ ಆಫೀಸಿಗೆ ಯಾಕೆ ಹಂಗೆ ಮುಖ ಗಂಟಿಕ್ಕೊಂಡು ಬರ್ತಾರೆ ಅಂತ ಈಗ ಅರ್ಥ ಆಯ್ತು.

ಮುಂದೇನು ಅಂತ ಎಲ್ರೂ ಕೇಳ್ತಿದಾರೆ. ಕೆಲವ್ರು ಆಗ್ಲೇ ಲೇಔಟ್ ಮಾಡೋರ ಹತ್ರ ಕನ್ಸಲ್ಟೆಂಟ್ ಆಗಿ, ಒಳ್ಳೇ ಸಂಬಳ ಅಂದ್ರು. ಇಲ್ಲ. ಇಷ್ಟು ವರ್ಷ ಯಾವ ಕಡೆಯವನೂ ಅಲ್ಲ ಅಂತ ಹೇಳ್ಕೊಂಡು ಬದುಕಿದೀನಿ, ಈಗ ಒಂದ್ ಪಾರ್ಟಿ ಕಡೆ ನಿಂತು ಟೇಪ್ ಹಿಡಿಯೋಕೆ ನನ್ ಕೈಲಿ ಆಗಲ್ಲ. ಪಂಚಾಯ್ತಿ ಮಾಡಿ ಅಂತಾನೂ ಕರೀಬೇಡಿ, ನಂಟ್ರಾದ್ರೂ ಸರಿ. ಅರ್ಜಿ ಹಾಕಿ, ಈಗಿರೋ ಸರ್ವೆಯರ್ ಬರ್ತಾರೆ.

ಮಾಡ್ಬೇಕು ಅಂತಿರೋದು ಒಂದೇ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಟಿಪ್ಪಣಿ ಓದೋ ಕ್ಲಾಸು. ಹೊಸದಾಗಿ ಸೇರಿದ ಸರ್ವೆಯರ್‌ಗಳು, ಲೈಸೆನ್ಸ್ಡ್ ಸರ್ವೆಯರ್‌ಗಳು ಯಾರು ಬೇಕಾದ್ರೂ ಬನ್ನಿ, ಫೀಸಿಲ್ಲ. ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರ್‌ಬಂದ್ ಮೂರೂ ದಾಖಲೆಗಳನ್ನ ಪಕ್ಕಪಕ್ಕ ಇಟ್ಟು ವಿಸ್ತೀರ್ಣ ಯಾಕೆ ತಾಳೆ ಆಗಲ್ಲ ಅಂತ ಹುಡ್ಕೋದು ಹೆಂಗೆ, ಅಲ್ಲಿಂದ ಶುರು ಮಾಡೋಣ. ಜುಲೈನಿಂದ.

ಇನ್ನೊಂದು ಮನೆ ಕೆಲ್ಸ. ಊರೋರ ಜಮೀನೆಲ್ಲ ಪೋಡಿ ಮಾಡಿ ಬೇರೆ ಬೇರೆ ಮಾಡ್ಕೊಟ್ಟ ನನ್ನ ಸ್ವಂತ ಜಮೀನು ಇವತ್ತಿಗೂ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿ ಪಹಣೀಲೇ ಇದೆ! ಕೆಲಸದಲ್ಲಿದ್ದಾಗ ಮಾಡಿಸಿದ್ರೆ ತನಗೆ ಬೇಕಾದಂಗೆ ಗೆರೆ ಎಳ್ಕೊಂಡ ಅಂತ ಮಾತು ಬರ್ತದೆ ಅಂತ ಮುಟ್ಟಿರ್ಲಿಲ್ಲ. ಜೂನ್ ಮೊದಲ ವಾರ ಎಲ್ರ ಹಂಗೆ ಫೀಸ್ ಕಟ್ಟಿ ಅರ್ಜಿ ಹಾಕ್ತೀನಿ, ಸೀನಿಯಾರಿಟಿ ಪ್ರಕಾರ ಬಂದಾಗ ಬರ್ಲಿ, ನಮ್ಮ ಆಫೀಸ್ ಹುಡುಗ್ರೇ, ದಯವಿಟ್ಟು ಫೈಲ್ ಮುಂದೆ ತಳ್ಬೇಡಿ. ಅಳೆಯೋ ದಿನ ನಾನು ಬದುವಿನ ಮೇಲೆ ಸುಮ್ನೆ ನಿಂತಿರ್ತೀನಿ, ಬಾಯಿ ಹಾಕಲ್ಲ ಅಂತ ಹೆಂಡ್ತಿ ಹತ್ರ ಪ್ರಾಮಿಸ್ ಮಾಡಿದೀನಿ, ಅವಳು ನಂಬಿಲ್ಲ.

ಶನಿವಾರ ನಾಲ್ಕು ಗಂಟೆಗೆ ಆಫೀಸಲ್ಲೇ ಸಣ್ಣ ಬೀಳ್ಕೊಡುಗೆ ಇಟ್ಕೊಂಡಿದಾರೆ. ಬನ್ನಿ. ಹಾರ, ಶಾಲು, ಗಡಿಯಾರ ಯಾವ್ದೂ ತರ್ಬೇಡಿ. ನಿವೃತ್ತಿ ಆಗಿರೋ ಚೈನ್‌ಮನ್‌ಗಳು, ಬಾಂದು ಜವಾನರು ನಿಮ್ಮ ಕಡೆ ಯಾರಾದ್ರೂ ಇದ್ರೆ ಅವ್ರನ್ನ ಕರ್ಕೊಂಡ್ ಬನ್ನಿ, ಓಡಾಡೋಕೆ ಕಷ್ಟ ಇರೋರು ಇದ್ರೆ ಹಿಂದಿನ ದಿನಾನೇ ತಿಳಿಸಿ, ನನ್ನ ಮಗ ಕಾರ್ ತಗೊಂಡು ಹೋಗಿ ಕರ್ಕೊಂಡ್ ಬರ್ತಾನೆ.