ಪ್ರವೇಶಾತಿ ಪ್ರಚಾರದ ವರದಿ: ಬಿಸಿಎ ಮತ್ತು ಬಿಕಾಂ

ಪ್ರಾಚಾರ್ಯರಿಗೆ,
ವಿಜಯಪುರ

ಮಾನ್ಯರೇ,

ಪ್ರಥಮ ವರ್ಷದ 120 ಸೀಟುಗಳಿಗಾಗಿ ನಡೆಸಿದ ಪ್ರಚಾರ ಮುಗಿದಿದೆ. ಒಟ್ಟು ಖರ್ಚು 1,86,000 ರೂಪಾಯಿ, ಬಂದ ವಿಚಾರಣೆಗಳು 620, ಶುಲ್ಕ ಕಟ್ಟಿ ಪ್ರವೇಶ ಪಡೆದವರು 93. ಅಂದರೆ ಒಂದು ವಿಚಾರಣೆಗೆ 300 ರೂಪಾಯಿ, ಒಂದು ಪ್ರವೇಶಕ್ಕೆ 2,000 ರೂಪಾಯಿ ತಗುಲಿದೆ. 27 ಸೀಟುಗಳು ಉಳಿದಿವೆ, ಬಹುಪಾಲು ಬಿಕಾಂನವು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ 84,000 ರೂಪಾಯಿ ಹೋಗಿ 420 ವಿಚಾರಣೆಗಳು ಬಂದವು. ತಲಾ 200 ರೂಪಾಯಿ ಎಂದರೆ ಅಗ್ಗವೇ. ಆದರೆ ಪ್ರವೇಶ ಕೇವಲ 28, ಪ್ರತಿಯೊಂದಕ್ಕೂ 3,000 ರೂಪಾಯಿ ಬಿತ್ತು. ತಪ್ಪು ನಂಬರು, ಒಬ್ಬರೇ ಎರಡು ಬಾರಿ ತುಂಬಿದ ಅರ್ಜಿ ಸೇರಿ 70 ಲೆಕ್ಕಕ್ಕೇ ಬರಲಿಲ್ಲ. ತಪ್ಪು ನಮ್ಮದೂ ಇದೆ: ರಾತ್ರಿ ಬಂದ ವಿಚಾರಣೆಗಳಿಗೆ ಎರಡು ದಿನ ಬಿಟ್ಟು ಕರೆ ಮಾಡಿದೆವು. ಅಷ್ಟರಲ್ಲಿ ಕೆಲವರು ಬೇರೆಡೆ ಶುಲ್ಕ ಕಟ್ಟಿಯಾಗಿತ್ತು.

ಪತ್ರಿಕಾ ಜಾಹೀರಾತು: ಖರ್ಚು 66,000 ರೂಪಾಯಿ, ವಿಚಾರಣೆ 110, ಪ್ರವೇಶ 22.

ಸಿಂದಗಿ, ಇಂಡಿ, ಮುದ್ದೇಬಿಹಾಳ ಭಾಗದ ಪಿಯು ಕಾಲೇಜುಗಳಿಗೆ ನಮ್ಮ ಅಧ್ಯಾಪಕರೇ ಹೋಗಿ ಮಾತನಾಡಿದ್ದಕ್ಕೆ ವಾಹನ, ಕರಪತ್ರ ಸೇರಿ 36,000 ರೂಪಾಯಿ ಆಯಿತು. ವಿಚಾರಣೆ 90 ಮಾತ್ರ, ತಲಾ 400 ರೂಪಾಯಿ. ಆದರೆ 43 ಮಂದಿ ಸೇರಿದರು. ಒಂದು ಪ್ರವೇಶಕ್ಕೆ ಸುಮಾರು 837 ರೂಪಾಯಿ. ಪಾಲಕರು ಮೊದಲು ಕೇಳಿದ್ದು ಬಸ್ ಸಮಯ ಮತ್ತು ಹಾಸ್ಟೆಲ್. ನಮ್ಮ ಜಾಹೀರಾತಿನಲ್ಲಿ ಎರಡೂ ಇರಲಿಲ್ಲ! (ಕಟ್ಟಡದ ಫೋಟೊ ಮಾತ್ರ ದೊಡ್ಡದಾಗಿತ್ತು.)

ಮುಂದಿನ ವರ್ಷ ಪತ್ರಿಕೆಯ ಅರ್ಧ ಹಣವನ್ನು ಈ ಭೇಟಿಗಳಿಗೆ ಕೊಡಬೇಕು, ಅದೇ ದಿನ ಕರೆ ಮಾಡಲು ಒಬ್ಬರನ್ನು ನೇಮಿಸಬೇಕು ಎಂದು ಕೋರುತ್ತೇನೆ. ಬಿಲ್ಲುಗಳನ್ನು ಲೆಕ್ಕಪತ್ರ ವಿಭಾಗಕ್ಕೆ ಒಪ್ಪಿಸಿದ್ದೇನೆ.

ಸಂಚಾಲಕರು,
ಪ್ರವೇಶಾತಿ ಸಮಿತಿ