ರಾಮನವಮಿ ಉತ್ಸವಕ್ಕೆ ಹಾಡಲು ಬನ್ನಿ

ಊರಿನ ಎಲ್ಲ ಹಾಡುಗಾರರಿಗೆ ನಮಸ್ಕಾರ.

ರಾಮನವಮಿಯ ಸಂಜೆ 6ರಿಂದ 9ರವರೆಗೆ ನಮ್ಮ ರಾಮಮಂದಿರದ ಚಪ್ಪರದಲ್ಲಿ ಸಂಗೀತ ಸೇವೆ ಇದೆ. ಹೊರಗಿನ ಕಲಾವಿದರು ಬರಲಿ, ಸಂತೋಷ. ಆದರೆ ನಮ್ಮೂರಿನ ದನಿ ಮೊದಲು ಕೇಳಬೇಕು ಅಲ್ವಾ? ದಾಸರ ಪದ, ತತ್ವಪದ, ಸೋಬಾನೆ, ಭಜನೆ ಯಾವುದಾದರೂ ಸರಿ. ಸಿನಿಮಾ ಹಾಡು ಮಾತ್ರ ಬೇಡ.

ಒಬ್ಬರಿಗೆ 10 ನಿಮಿಷ, ತಂಡಕ್ಕೆ 20. ಹಾರ್ಮೋನಿಯಂ, ತಬಲಾ, ಶ್ರುತಿಪೆಟ್ಟಿಗೆ, ಮೈಕು ನಮ್ಮಲ್ಲಿವೆ. ತಾಳ ನೀವೇ ತನ್ನಿ. ಮೈಕ್ ಪರೀಕ್ಷೆಗೆ 5 ಗಂಟೆಗೇ ಬನ್ನಿ. ಯುಗಾದಿಯೊಳಗೆ ದೇವಸ್ಥಾನದ ಕಚೇರಿಯಲ್ಲಿ ಹೆಸರು ಬರೆಸಿ. ವಯಸ್ಸಾದವರಿಗೆ ಮೊದಲ ಸರದಿ. ಅವರನ್ನು ಮನೆಗೆ ಬಿಡಲು ಆಟೋ ಇರುತ್ತದೆ. ಸಂಭಾವನೆ ಕೊಡುವಷ್ಟು ಶಕ್ತಿ ಸಮಿತಿಗಿಲ್ಲ. ಪಾನಕ, ಕೋಸಂಬರಿ, ರಾತ್ರಿ ಊಟ, ದೇವರ ಶಾಲು ಇವೆ.

ದಯವಿಟ್ಟು ಮನೆಮಂದಿ ಸಮೇತ ಬನ್ನಿ.

ಇಂತಿ ನಿಮ್ಮ,
ಕಾರ್ಯದರ್ಶಿ, ದೇವಸ್ಥಾನ ಸಮಿತಿ