ಚಿನ್ನುಗೆ ಚಿಕ್ಕಮ್ಮನ ಕಾಗದ: ಆಕಾಶ ಯಾಕೆ ನೀಲಿ?

ಚಿನ್ನು,

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಕುಕ್ಕರ್ ಕೂಗುತ್ತಿತ್ತು, ನಿನ್ನ ತಮ್ಮ ಅದಕ್ಕಿಂತ ಜೋರಾಗಿ ಕೂಗುತ್ತಿದ್ದ. ಅದಕ್ಕೇ ಬರೆಯುತ್ತಿದ್ದೇನೆ. ಅರ್ಥ ಆಗದಿದ್ದರೆ ಅಮ್ಮನ ಹತ್ತಿರ ಎರಡು ಸಲ ಓದಿಸಿಕೋ.

ಸಮುದ್ರದ ಬಣ್ಣವೇ ಆಕಾಶದಲ್ಲಿ ಕಾಣುತ್ತೆ ಅಂತ ನಿನ್ನ ಗೆಳತಿ ಹೇಳಿದಳು ಅಂದೆಯಲ್ಲ, ನೀನೇ ಯೋಚನೆ ಮಾಡಿ ನೋಡು. ನಿಮ್ಮ ಚಿತ್ರದುರ್ಗದಿಂದ ಸಮುದ್ರ ಎಷ್ಟು ದೂರ! ಕೋಟೆ ಹತ್ತಿ ಸುತ್ತ ನೋಡಿದರೆ ಬಂಡೆ, ಗುಡ್ಡ, ಗುಡ್ಡದ ಮೇಲೆ ಗಿರಗಿರ ತಿರುಗುವ ದೊಡ್ಡ ಫ್ಯಾನು, ಅಷ್ಟೇ. ಆದರೂ ಅಲ್ಲಿ ಆಕಾಶ ನೀಲಿಯೇ ಅಲ್ವಾ? ಹಾಗಾದರೆ ಕಾರಣ ಬೇರೆ ಇರಬೇಕು. ಸಮುದ್ರ ನೀಲಿ ಯಾಕೆ ಅಂತ ಸರ್ ಸಿ.ವಿ. ರಾಮನ್ ಅವರೂ 1921ರಲ್ಲಿ ಹಡಗಿನಲ್ಲಿ ಬರುವಾಗ ತಲೆ ಕೆಡಿಸಿಕೊಂಡಿದ್ದರು. ಅದು ಬರೀ ಆಕಾಶದ ಬಿಂಬ ಅಲ್ಲ ಅಂತ ತೋರಿಸಿಕೊಟ್ಟರು. ಆ ಕತೆ ಇನ್ನೊಂದು ಸಲ.

ಈಗ ಆಕಾಶಕ್ಕೆ ಬರೋಣ. ಬಿಸಿಲು ಬೆಳ್ಳಗೆ ಕಾಣುತ್ತೆ. ಆದರೆ ಅದರೊಳಗೆ ಎಲ್ಲ ಬಣ್ಣಗಳೂ ಬೆರೆತುಕೊಂಡಿವೆ. ಕಾಮನಬಿಲ್ಲಿನಲ್ಲಿ ನೀನು ನೋಡುವುದು ಇದೇ ಬಿಸಿಲನ್ನೇ. ಮಳೆಹನಿಗಳು ಅದನ್ನು ಬಿಡಿಸಿ, ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಇಡುತ್ತವೆ.

ಬೆಳಕು ಅಲೆ ಅಲೆಯಾಗಿ ಬರುತ್ತೆ. ಕೆಂಪು ಬೆಳಕಿನದು ಉದ್ದದ ಅಲೆ, ನೀಲಿಯದು ಗಿಡ್ಡ ಅಲೆ. ಈ ಅಲೆಗಳು ಎಷ್ಟು ಸಣ್ಣವು ಅಂದರೆ, ನಿನ್ನ ಒಂದು ಕೂದಲಿನ ದಪ್ಪದೊಳಗೆ ಎಷ್ಟೋ ಅಲೆಗಳು ಕೂರುತ್ತವೆ. ಇನ್ನು ಗಾಳಿ. ಕಣ್ಣಿಗೆ ಕಾಣಲ್ಲ ಅಂತ ಅಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡ. ಅದರ ತುಂಬ ಅಲೆಗಳಿಗಿಂತಲೂ ತುಂಬಾ ಸಣ್ಣ ಸಣ್ಣ ಕಣಗಳಿವೆ. ಕೆಂಪು ಬೆಳಕು ಅವುಗಳ ನಡುವೆ ಹೆಚ್ಚು ಕಮ್ಮಿ ನೆಟ್ಟಗೆ ದಾಟಿ ಬರುತ್ತೆ. ನೀಲಿ ಬೆಳಕು ಹಾಗಲ್ಲ. ಗೋಡೆಗೆ ಬಡಿದ ಚೆಂಡಿನ ಹಾಗೆ, ಗಾಳಿಯ ಕಣಗಳಿಗೆ ತಾಗಿ ಆ ಕಡೆ ಈ ಕಡೆ ಹಾರುತ್ತೆ. ಹಾಗೆ ಚೆದುರಿದ ನೀಲಿ ಆಕಾಶದ ಎಲ್ಲ ಕಡೆಯಿಂದಲೂ ನಿನ್ನ ಕಣ್ಣಿಗೆ ಬಂದು ಬೀಳುತ್ತೆ. ಎತ್ತ ನೋಡಿದರೂ ನೀಲಿ!

ಚಂದ್ರನ ಮೇಲೆ ನಮ್ಮ ಹಾಗೆ ಗಾಳಿ ಇಲ್ಲ. ಬೆಳಕನ್ನು ಚೆದುರಿಸುವವರೇ ಇಲ್ಲ. ಅದಕ್ಕೇ ಅಲ್ಲಿ ಹಗಲು ಹೊತ್ತಿನಲ್ಲೂ, ಸೂರ್ಯ ಸುಡುತ್ತಿರುವಾಗಲೂ, ಆಕಾಶ ಕಪ್ಪು. ಅಲ್ಲಿಗೆ ಹೋಗಿ ಬಂದವರು ತೆಗೆದ ಫೋಟೋಗಳಲ್ಲೂ ಹಾಗೇ ಇದೆ, ಅಪ್ಪನ ಹತ್ತಿರ ತೋರಿಸಲು ಹೇಳು.

ನಂಬಿಕೆ ಬರಲಿಲ್ಲ ಅಂದರೆ ಮನೆಯಲ್ಲೇ ಮಾಡಿ ನೋಡು. ಗಾಜಿನ ಲೋಟದ ತುಂಬ ನೀರು ತಗೋ. ಅದಕ್ಕೆ ನಾಲ್ಕೈದು ಹನಿ ಹಾಲು ಹಾಕಿ ಕಲಸು. ಜಾಸ್ತಿ ಹಾಕಬೇಡ, ಬರೀ ಹಾಲಿನ ನೀರಾಗುತ್ತೆ. ಕೋಣೆಯ ಲೈಟು ಆರಿಸಿ, ಅಮ್ಮನ ಮೊಬೈಲ್ ಟಾರ್ಚನ್ನು ಲೋಟದ ಒಂದು ಬದಿಗೆ ಹಿಡಿ. ಪಕ್ಕದಿಂದ ನೋಡಿದರೆ ನೀರಿನಲ್ಲಿ ತೆಳು ನೀಲಿ ಛಾಯೆ ಕಾಣುತ್ತೆ. ಆಮೇಲೆ ಟಾರ್ಚಿನ ಎದುರು ಬದಿಗೆ ಹೋಗಿ ಲೋಟದ ಮೂಲಕ ನೋಡು. ಬೆಳಕು ಹಳದಿ, ಕಿತ್ತಳೆ ಕಡೆಗೆ ತಿರುಗಿರುತ್ತೆ. ಹಾಲಿನ ಕಣಗಳು ನೀಲಿಯನ್ನು ಪಕ್ಕಕ್ಕೆ ಚೆದುರಿಸಿಬಿಟ್ಟವು. ನೆಟ್ಟಗೆ ದಾಟಿ ಬಂದದ್ದು ಉಳಿದ ಬಣ್ಣ. (ಪ್ರಯೋಗ ಮುಗಿದ ಮೇಲೆ ಅದನ್ನು ತಮ್ಮನಿಗೆ ಕುಡಿಸಬೇಡ.)

ಸಂಜೆ ಸೂರ್ಯ ಕೆಂಪಾಗುವುದೂ ಹೀಗೇ. ಮಧ್ಯಾಹ್ನ ಬಿಸಿಲು ಮೇಲಿನಿಂದ ಬರುತ್ತೆ, ದಾಟಬೇಕಾದ ಗಾಳಿ ಕಮ್ಮಿ. ಸಂಜೆ ಓರೆಯಾಗಿ ಬರುತ್ತೆ, ತುಂಬಾ ಗಾಳಿ ದಾಟಬೇಕು. ದಾರಿಯಲ್ಲೇ ನೀಲಿಯೆಲ್ಲ ಚೆದುರಿ ಹೋಗಿ ನಿನ್ನವರೆಗೆ ಬರುವುದು ಕಿತ್ತಳೆ, ಕೆಂಪು. ಆದರೆ ಸೂರ್ಯನನ್ನು ದಿಟ್ಟಿಸಿ ನೋಡಬೇಡ, ಸಂಜೆಯೂ ಬೇಡ. ಕಣ್ಣು ಹಾಳಾಗುತ್ತೆ.

ನಿನ್ನಂಥವಳು ಮುಂದೆ ಏನು ಕೇಳುತ್ತಾಳೆ ಅಂತ ಗೊತ್ತು. ನೇರಳೆ ಬೆಳಕಿನ ಅಲೆ ನೀಲಿಗಿಂತಲೂ ಗಿಡ್ಡ, ಮತ್ತೆ ಆಕಾಶ ಯಾಕೆ ನೇರಳೆ ಅಲ್ಲ? ಒಂದು, ಬಿಸಿಲಿನಲ್ಲಿ ನೇರಳೆ ಕಮ್ಮಿ ಇದೆ. ಎರಡು, ನಮ್ಮ ಕಣ್ಣಿಗೆ ನೇರಳೆ ಅಷ್ಟು ಚೆನ್ನಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಆಕಾಶದ ಬಣ್ಣದಲ್ಲಿ ನಿನ್ನ ಕಣ್ಣಿನದೂ ಪಾಲಿದೆ ಅನ್ನು.

ಮಂಗಳ ಗ್ರಹದಲ್ಲಂತೂ ಎಲ್ಲ ತಿರುಗಾಮುರುಗಾ. ಅಲ್ಲಿ ಗಾಳಿ ತೆಳು, ಧೂಳು ಜಾಸ್ತಿ. ಹಗಲು ಆಕಾಶ ಕೆಂಗಂದು, ಮುಳುಗುವ ಸೂರ್ಯನ ಸುತ್ತ ಮಾತ್ರ ನೀಲಿ! ಅದು ಯಾಕೆ ಅಂತ ಮುಂದಿನ ಭಾನುವಾರ ಹೇಳುತ್ತೇನೆ. ಕುಕ್ಕರ್ ಇಳಿಸಿದ ಮೇಲೆ ಫೋನ್ ಮಾಡು.

ನಿನ್ನ ಚಿಕ್ಕಮ್ಮ